ದೀಪೋತ್ಸವದ ನೇರಪ್ರಸಾರ: ಜನ ಸೇರಿದ ಹೊತ್ತಿಗೇ ನೆಟ್ ಹೋದರೆ?

ಕಾರ್ತಿಕದಲ್ಲಿ ಕರಾವಳಿಯ ಯಾವ ಊರಿನ ದೇವಸ್ಥಾನದಲ್ಲಿ ದೀಪೋತ್ಸವವಿದ್ದರೂ ಮುಂಬೈ, ದುಬೈಗಳಲ್ಲಿರುವ ಊರಿನವರು ವಾರದ ಮೊದಲೇ ಯೂಟ್ಯೂಬ್ ಲಿಂಕ್ ಕೇಳತೊಡಗುತ್ತಾರೆ. ಮಧ್ಯಾಹ್ನ ಪರೀಕ್ಷಿಸಿದಾಗ ಎಲ್ಲವೂ ಸರಿಯಿರುತ್ತದೆ. ಸಂಜೆ ಹಣತೆ ಹಚ್ಚಿ ದೇವರ ಬಲಿ ಹೊರಡುವಾಗಲೇ ಚಿತ್ರ ನಿಂತುಬಿಡುತ್ತದೆ. ಮೊಬೈಲಿನಲ್ಲಿ ಸಿಗ್ನಲ್ ಗೆರೆಗಳು ಪೂರ್ತಿ ಇದ್ದರೂ ವಿಡಿಯೊ ಮುಂದೆ ಹೋಗುವುದಿಲ್ಲ. ಅಂಗಳದಲ್ಲಿ ನೆರೆದವರೆಲ್ಲ ಅದೇ ಟವರಿನ ಮೂಲಕ ವಿಡಿಯೊ ಕಳಿಸುತ್ತಿರುತ್ತಾರೆ. ಟವರಿನಲ್ಲಿ ಕಳಿಸುವ ದಾರಿ ಮೊದಲೇ ಕಿರಿದು. ಆದ್ದರಿಂದ ಮಧ್ಯಾಹ್ನದ ಸ್ಪೀಡ್ ಟೆಸ್ಟನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಪಕ್ಕದ ಮನೆಯ ಅಥವಾ ಸೊಸೈಟಿ ಕಚೇರಿಯ ಫೈಬರ್ ಸಂಪರ್ಕ ಕೇಳಿಕೊಂಡು, ಅಲ್ಲಿಂದ ಲ್ಯಾಪ್‌ಟಾಪಿಗೆ ಲ್ಯಾನ್ ವೈರ್ ಎಳೆಯುವುದೇ ಒಳ್ಳೆಯದು. ನೂರು ಮೀಟರಿನೊಳಗಿದ್ದರೆ ಒಂದೇ ವೈರ್ ಸಾಕು. ಆ ಮನೆಯ ಮೋಡೆಮ್ ಇನ್ವರ್ಟರ್ ಲೈನಿನಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ದೇವಸ್ಥಾನದಲ್ಲಿ ಜನರೇಟರ್ ಓಡುತ್ತಿದ್ದರೂ, ಕರೆಂಟು ಹೋದರೆ ಆ ಮನೆಯ ಮೋಡೆಮ್ ಆರಿಹೋಗುತ್ತದೆ. ಎರಡನೆಯ ದಾರಿಯಾಗಿ ಬೇರೊಂದು ಕಂಪನಿಯ ಸಿಮ್ ಇರುವ ಫೋನನ್ನು ಯುಎಸ್‌ಬಿ ವೈರಿನಿಂದ ಲ್ಯಾಪ್‌ಟಾಪಿಗೆ ಮೊದಲಿನಿಂದಲೇ ಜೋಡಿಸಿಡಬೇಕು. ಇಲ್ಲಿ ಹಲವರು ಎಡವುವುದು ದಿನದ ಡೇಟಾ ಮಿತಿಯಲ್ಲಿ. ಸೆಕೆಂಡಿಗೆ 2500 ಕಿಲೋಬಿಟ್‌ನಂತೆ 720ಪಿ ಚಿತ್ರ ಕಳಿಸಿದರೆ ಗಂಟೆಗೆ ಸುಮಾರು 1.2 ಜಿಬಿ ಬೇಕು. ದಿನಕ್ಕೆ 2 ಜಿಬಿಯ ಪ್ಯಾಕ್ ಎರಡು ಗಂಟೆಯೂ ಬಾರದು. ಆಮೇಲಿನ ವೇಗಕ್ಕೆ ಚಿತ್ರ ಅಲುಗಾಡುವುದೂ ಇಲ್ಲ.

ಪ್ರಸಾರ ನಿಗದಿ ಮಾಡುವಾಗ ಯೂಟ್ಯೂಬ್ ಸ್ಟುಡಿಯೊದಲ್ಲಿ `Enable Auto-stop` ಆಯ್ಕೆಯನ್ನು ತೆಗೆದುಬಿಡಿ. ಅದು ಹಾಗೇ ಇದ್ದರೆ ನಮ್ಮಿಂದ ಚಿತ್ರ ಬರುವುದು ನಿಂತ ಸ್ವಲ್ಪ ಹೊತ್ತಿಗೆ ಯೂಟ್ಯೂಬ್ ಕಾರ್ಯಕ್ರಮ ಮುಗಿಯಿತೆಂದು ತಿಳಿದು ಪ್ರಸಾರವನ್ನು ಮುಚ್ಚುತ್ತದೆ. ಹೊಸ ಲಿಂಕ್ ಮಾಡಬೇಕಾಗುತ್ತದೆ, ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿದ ಹಳೆಯ ಲಿಂಕ್ ಹಿಡಿದವರು ಅಲ್ಲೇ ಉಳಿಯುತ್ತಾರೆ. ಆಯ್ಕೆ ತೆಗೆದಿದ್ದರೆ ಸಂಪರ್ಕ ಮರಳಿದ ಕೂಡಲೇ ಅದೇ ಪುಟದಲ್ಲಿ ಚಿತ್ರ ಮತ್ತೆ ಬರುತ್ತದೆ.

ಈಗ ಜನರ ವಿಷಯ. ಲ್ಯಾಪ್‌ಟಾಪ್ ಮುಂದೆ ಕುಳಿತವರು ಚಾಟ್ ಓದಲೇಬಾರದು, ಅವರ ಕಣ್ಣು ಚಿತ್ರದ ಮೇಲೆ, ಕಿವಿ ಹೆಡ್‌ಫೋನಿನಲ್ಲಿ ಇರಬೇಕು. ಚಾಟ್ ನೋಡಿಕೊಳ್ಳುವ ಮಾಡರೇಟರ್‌ಗಳು ಇಬ್ಬರು ಬೇಕು, ಅವರಲ್ಲಿ ಒಬ್ಬರಾದರೂ ಊರಿನಿಂದ ಹೊರಗಿರಬೇಕು. ಮುಂಬೈಯಲ್ಲಿ ಮನೆಯಲ್ಲೇ ಕುಳಿತ ಊರಿನ ಹುಡುಗನೊಬ್ಬ ಇದಕ್ಕೆ ಸರಿ. ಅಂಗಳದ ನೆಟ್ ಸತ್ತಾಗಲೂ ಅವನ ನೆಟ್ ಬದುಕಿರುತ್ತದೆ, ಜೊತೆಗೆ ಭಾಗವತರ ಪದ ಕೇಳುತ್ತಿದೆಯೋ ಬರೀ ಚೆಂಡೆಯೋ ಎಂದು ನೋಡುಗನ ಕಿವಿಯಿಂದ ಹೇಳಬಲ್ಲ. ಊರಿನಲ್ಲಿರುವ ಇನ್ನೊಬ್ಬರು ಸೇವೆಯ ಸಮಯ, ಮುಂದಿನ ಕಾರ್ಯಕ್ರಮ ಇವನ್ನು ಕಚೇರಿಯಲ್ಲಿ ಕೇಳಿ ಉತ್ತರಿಸುತ್ತಾರೆ. ಚಾಟಿನಲ್ಲಿ ಬೈಗುಳಕ್ಕಿಂತ ಹೆಚ್ಚು ಕಾಯಬೇಕಾದದ್ದು ‘ದೀಪ ಸೇವೆಗೆ ಈ ನಂಬರಿಗೆ ಹಣ ಕಳಿಸಿ’ ಎಂಬ ಸಂದೇಶಕ್ಕೆ. ಯಾರದೇ ನಂಬರ್ ಕಂಡರೂ ಕೇಳದೆ ಅಳಿಸಬೇಕು.

ಏಳೂವರೆಗೆ ಬಲಿ ಹೊರಟಾಗ ಸಂಪರ್ಕ ಕಡಿಯಿತೆಂದುಕೊಳ್ಳಿ. ಓಬಿಎಸ್‌ನಲ್ಲಿ `Dropped Frames` ಏರುತ್ತಿದ್ದರೆ ತೊಂದರೆ ನೆಟ್ಟಿನದು. ಅದು ಏರದೆ ಚಿತ್ರ ತಡವರಿಸುತ್ತಿದ್ದರೆ ಲ್ಯಾಪ್‌ಟಾಪ್ ಬಳಲಿದೆ ಎಂದರ್ಥ, ಆಗ ನೆಟ್ ಬದಲಿಸಿ ಫಲವಿಲ್ಲ. ನೆಟ್ಟಿನದೇ ಆದರೆ ಲ್ಯಾನ್ ವೈರನ್ನು ಕೈಯಾರೆ ಕಿತ್ತುಬಿಡಬೇಕು. ಮೋಡೆಮ್ ಹೊತ್ತಿಕೊಂಡೇ ಇದ್ದರೆ ಲ್ಯಾಪ್‌ಟಾಪ್ ಆ ವೈರನ್ನೇ ನಂಬಿ ಕಾಯುವುದುಂಟು. ಕಿತ್ತರೆ ಫೋನಿನ ಸಂಪರ್ಕ ಹಿಡಿಯುತ್ತದೆ, ಓಬಿಎಸ್ ತಾನೇ ಮತ್ತೆ ಜೋಡಿಸಿಕೊಳ್ಳುತ್ತದೆ. ಹಾಗೂ ತಡವರಿಸಿದರೆ ಪ್ರಸಾರ ನಿಲ್ಲಿಸಿ, ಬಿಟ್‌ರೇಟನ್ನು 1200ಕ್ಕೆ ಇಳಿಸಿ ಮತ್ತೆ ಶುರುಮಾಡಿ. ಮಸುಕಾದ ಚಿತ್ರವನ್ನು ಜನ ಸಹಿಸುತ್ತಾರೆ, ತುಂಡಾದ ಧ್ವನಿಯನ್ನು ಸಹಿಸುವುದಿಲ್ಲ. ಅಷ್ಟರಲ್ಲಿ ಮುಂಬೈಯ ಹುಡುಗ ಚಾಟಿನಲ್ಲಿ ಬರೆಯಬೇಕು: ‘ನೆಟ್ ಹೋಗಿದೆ. ಇದೇ ಲಿಂಕಿನಲ್ಲಿ ಮುಂದುವರಿಯುತ್ತದೆ. ಎರಡು ನಿಮಿಷ ಬಿಟ್ಟು ರಿಫ್ರೆಶ್ ಮಾಡಿ.’ ಈ ಮೂರು ಸಾಲನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ಅಂಟಿಸಿದರಾಯಿತು. ಚಿತ್ರ ಬಂತೇ ಎಂದು ಅವನನ್ನು ಕೂಡಲೇ ಕೇಳಬೇಡಿ. ನೋಡುಗರಿಗೆ ತಲುಪಲು ಅರ್ಧ ನಿಮಿಷದಷ್ಟು ಹಿಡಿಯುತ್ತದೆ. ಅವಸರಪಟ್ಟು ಸರಿಯಾದದ್ದನ್ನೇ ಮತ್ತೆ ಕಿತ್ತವರಿದ್ದಾರೆ.

ಪ್ರಸಾರದ ಜೊತೆಗೆ ಲ್ಯಾಪ್‌ಟಾಪಿನಲ್ಲೂ ರೆಕಾರ್ಡಿಂಗ್ ಓಡುತ್ತಿರಲಿ, ಅದೂ ಎಂಕೆವಿ ರೂಪದಲ್ಲಿ. ಲ್ಯಾಪ್‌ಟಾಪ್ ನಡುವೆ ಆರಿಹೋದರೂ ಅಲ್ಲಿಯವರೆಗಿನ ಫೈಲ್ ಉಳಿಯುತ್ತದೆ, ತಪ್ಪಿದ ಬಲಿಯ ಭಾಗವನ್ನು ಮರುದಿನ ಹಾಕಬಹುದು. ದೀಪೋತ್ಸವದ ಬೆನ್ನಿಗೆ ಬೆಳಗಿನವರೆಗೆ ಆಟವಿದ್ದರೆ ಅದಕ್ಕೆ ಬೇರೆಯೇ ಲಿಂಕ್ ಮಾಡಿ. ಹನ್ನೆರಡು ಗಂಟೆ ಮೀರಿದ ಪ್ರಸಾರವನ್ನು ಯೂಟ್ಯೂಬ್ ಪೂರ್ತಿಯಾಗಿ ಉಳಿಸಿಕೊಳ್ಳುತ್ತದೆಂಬ ಭರವಸೆಯಿಲ್ಲ. ಸಂಜೆ ನಾಲ್ಕರ ಪೂಜೆಯಿಂದ ಮುಂಜಾನೆ ಐದರ ಮಂಗಳದವರೆಗೆ ಹದಿಮೂರು ಗಂಟೆಯಾಗುತ್ತದೆ.