ಪಾರ್ಸೆಲ್ ನಿಜಕ್ಕೂ ಎಷ್ಟು ಹೊತ್ತು ದಾರಿಯಲ್ಲಿತ್ತು?

ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟ ಒಂದು ಪಾರ್ಸೆಲ್‌ನ ಟ್ರ್ಯಾಕಿಂಗ್ ಪುಟದಲ್ಲಿ ಎರಡು ಸಾಲುಗಳಿವೆ ಎಂದುಕೊಳ್ಳಿ. ‘ಬೆಂಗಳೂರು ಬಿಟ್ಟಿದೆ, ಶುಕ್ರವಾರ ಬೆಳಗಿನ ಜಾವ 2:30’ ಎಂಬುದು ಒಂದು. ‘ಲೈಪ್‌ಜಿಗ್ ತಲುಪಿದೆ, ಶುಕ್ರವಾರ ಬೆಳಿಗ್ಗೆ 8:30’ ಎಂಬುದು ಇನ್ನೊಂದು. ಒಂದನ್ನು ಇನ್ನೊಂದರಿಂದ ಕಳೆದರೆ ಆರು ಗಂಟೆ. ಆದರೆ ಜರ್ಮನಿಯ ಆ ಊರು ಬೆಂಗಳೂರಿನಿಂದ 7,000 ಕಿಲೋಮೀಟರಿಗೂ ದೂರ. ಗಂಟೆಗೆ 850 ಕಿಲೋಮೀಟರ್ ಆಸುಪಾಸಿನಲ್ಲಿ ಹಾರುವ ಸರಕು ವಿಮಾನ ಆರು ಗಂಟೆಯಲ್ಲಿ ಅಲ್ಲಿಗೆ ಮುಟ್ಟುವುದು ಸಾಧ್ಯವಿಲ್ಲ.

ಎರಡೂ ಸಾಲುಗಳು ಸರಿಯಾಗಿಯೇ ಇವೆ. ಕೆಲಸಗಾರರು ಪಾರ್ಸೆಲ್ ಮೇಲಿನ ಬಾರ್‌ಕೋಡ್ ಸ್ಕ್ಯಾನ್ ಮಾಡಿದಾಗ ಪುಟದಲ್ಲಿ ಮೂಡುವುದು ಆ ಹಬ್ ಇರುವ ಊರಿನ ಸಮಯ. ಮೊದಲ ಸಾಲಿನದು ಭಾರತದ ಗಡಿಯಾರ, ಎರಡನೆಯದರದು ಜರ್ಮನಿಯ ಗಡಿಯಾರ. ಎಷ್ಟೋ ಪುಟಗಳಲ್ಲಿ ಇದು ಯಾವ ಗಡಿಯಾರ ಎಂಬ ಗುರುತೇ ಇರುವುದಿಲ್ಲ. ಹೀಗೆ ಬರೆಯುವುದಕ್ಕೆ ಕಾರಣವಿದೆ. ವಿಮಾನಕ್ಕೆ ಸರಕು ತುಂಬುವ ಕೊನೆಯ ಗಡುವು, ಕಸ್ಟಮ್ಸ್ ಕಚೇರಿ ತೆರೆಯುವ ಹೊತ್ತು, ಮನೆಗೆ ತಲುಪಿಸುವ ಪಾಳಿ ಎಲ್ಲವೂ ನಡೆಯುವುದು ಆಯಾ ಊರಿನ ಸಮಯಕ್ಕೆ. ಅಲ್ಲಿನ ಕೆಲಸಕ್ಕೆ ಅನುಕೂಲವಾದ ಈ ಪದ್ಧತಿ, ದೂರದಲ್ಲಿ ಕುಳಿತು ಲೆಕ್ಕ ಹಾಕುವವರನ್ನು ದಾರಿ ತಪ್ಪಿಸುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಬೆಂಗಳೂರಿನ ಒಂದು ಮನೆಯಿಂದ ಸ್ಯಾನ್ ಹೋಸೆಯಲ್ಲಿರುವ ಮಗಳಿಗೆ ಪಾರ್ಸೆಲ್ ಹೊರಟಿದೆ. ಅದು ಲೈಪ್‌ಜಿಗ್ ಮತ್ತು ಸಿನ್ಸಿನಾಟಿಯ ಮೂಲಕ ಹೋಗುತ್ತದೆ. ಡಿಎಚ್‌ಎಲ್‌ಗೆ ಈ ಎರಡೂ ಕಡೆ ದೊಡ್ಡ ಹಬ್‌ಗಳಿವೆ. ಪಾರ್ಸೆಲ್ ಮತ್ತು ಅದರ ಸಮಯಗಳು ನನ್ನ ಕಲ್ಪನೆ, ಆದರೆ ಊರುಗಳೂ ಗಡಿಯಾರಗಳೂ ನಿಜ. ದಿನಾಂಕ 2025ರ ಅಕ್ಟೋಬರ್ ಕೊನೆಯದು. ಪುಟದಲ್ಲಿ ಕಾಣುವುದು ಹೀಗೆ:

ಬೆಂಗಳೂರಿನಲ್ಲಿ ಪಡೆದದ್ದು: ಗುರುವಾರ, ಅ. 30, ಸಂಜೆ 4:00
ಬೆಂಗಳೂರು ಬಿಟ್ಟದ್ದು: ಶುಕ್ರವಾರ, ಬೆಳಗಿನ ಜಾವ 2:30
ಲೈಪ್‌ಜಿಗ್ ತಲುಪಿದ್ದು: ಶುಕ್ರವಾರ, ಬೆಳಿಗ್ಗೆ 8:30
ಲೈಪ್‌ಜಿಗ್ ಬಿಟ್ಟದ್ದು: ಶನಿವಾರ, ಬೆಳಗಿನ ಜಾವ 4:00
ಸಿನ್ಸಿನಾಟಿ ತಲುಪಿದ್ದು: ಶನಿವಾರ, ಬೆಳಿಗ್ಗೆ 8:30
ಸಿನ್ಸಿನಾಟಿ ಬಿಟ್ಟದ್ದು: ಭಾನುವಾರ, ಬೆಳಗಿನ ಜಾವ 4:00
ಸ್ಯಾನ್ ಫ್ರಾನ್ಸಿಸ್ಕೊ ತಲುಪಿದ್ದು: ಭಾನುವಾರ, ಬೆಳಿಗ್ಗೆ 6:00
ಸ್ಯಾನ್ ಹೋಸೆಯಲ್ಲಿ ಕೊಟ್ಟದ್ದು: ಸೋಮವಾರ, ನ. 3, ಬೆಳಿಗ್ಗೆ 11:00

ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಹಾಗೆಯೇ ಎಣಿಸಿದರೆ 91 ಗಂಟೆ. ನಿಜವನ್ನು ತಿಳಿಯಲು ಎಲ್ಲ ಸಾಲುಗಳನ್ನೂ ಒಂದೇ ಗಡಿಯಾರಕ್ಕೆ ತರಬೇಕು. ಕಂಪ್ಯೂಟರುಗಳು ಇದಕ್ಕೆ ವಿಶ್ವ ಸಮಯವನ್ನು, ಅಂದರೆ UTCಯನ್ನು ಬಳಸುತ್ತವೆ. ನಮಗೆ ಭಾರತದ ಸಮಯವೇ ಸಲೀಸು. ಆ ವಾರ ಲೈಪ್‌ಜಿಗ್ ನಮಗಿಂತ ನಾಲ್ಕೂವರೆ ಗಂಟೆ ಹಿಂದಿತ್ತು, ಹಾಗಾಗಿ ಅಲ್ಲಿನ ಶುಕ್ರವಾರ ಬೆಳಿಗ್ಗೆ 8:30 ಎಂದರೆ ನಮ್ಮ ಮಧ್ಯಾಹ್ನ ಒಂದು ಗಂಟೆ. ಹಾರಾಟ ಹಿಡಿದದ್ದು ಆರು ಗಂಟೆಯಲ್ಲ, ಹತ್ತೂವರೆ ಗಂಟೆ. ಕ್ಯಾಲಿಫೋರ್ನಿಯಾ ಸೋಮವಾರದ ಹೊತ್ತಿಗೆ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿನ ಬೆಳಿಗ್ಗೆ 11 ಎಂದರೆ ಇಲ್ಲಿ ಮಂಗಳವಾರ ಆಗಲೇ ಶುರುವಾಗಿ ರಾತ್ರಿ 12:30. ಗುರುವಾರ ಸಂಜೆ ನಾಲ್ಕರಿಂದ ಅಲ್ಲಿಯವರೆಗೆ 104 ಗಂಟೆ 30 ನಿಮಿಷ. ಪುಟದ ಲೆಕ್ಕಕ್ಕಿಂತ ಸರಿಯಾಗಿ ಹದಿಮೂರೂವರೆ ಗಂಟೆ ಜಾಸ್ತಿ.

ಒಟ್ಟು ಸಮಯ ಮಾತ್ರ ಸಾಕಾದರೆ ನಡುವಿನ ಊರುಗಳ ಗಡಿಯಾರ ಬೇಕಿಲ್ಲ ಎಂಬುದನ್ನು ಗಮನಿಸಿ. ಹೊರಟ ಊರಿನ ಗಡಿಯಾರ, ಮುಟ್ಟಿದ ಊರಿನ ಗಡಿಯಾರ, ಇವೆರಡರ ವ್ಯತ್ಯಾಸವನ್ನು ಸೇರಿಸಿದರೆ ಆಯಿತು. ಪಾರ್ಸೆಲ್ ಪೂರ್ವಕ್ಕೆ, ಸ್ಯಾನ್ ಹೋಸೆಯಿಂದ ಬೆಂಗಳೂರಿಗೆ ಬಂದಾಗ ಅದನ್ನೇ ಕಳೆಯಬೇಕು. ಅಷ್ಟೇ 104 ಗಂಟೆ 30 ನಿಮಿಷದಲ್ಲಿ ಅಲ್ಲಿಂದ ಇಲ್ಲಿಗೆ ಬಂದ ಪಾರ್ಸೆಲ್ ಪುಟದ ಲೆಕ್ಕದಲ್ಲಿ 118 ಗಂಟೆ ತೆಗೆದುಕೊಂಡಂತೆ ಕಾಣುತ್ತದೆ. ಕಳಿಸಿದ್ದು ಬೇಗ ಹೋಗುತ್ತದೆ, ಬರಬೇಕಾದ್ದು ತಡವಾಗಿ ಬರುತ್ತದೆ ಎಂಬ ಅನಿಸಿಕೆಯಲ್ಲಿ 27 ಗಂಟೆಯಷ್ಟು ಪಾಲು ಬರೀ ಗಡಿಯಾರದ್ದು.

ತಡವಾದದ್ದು ಎಲ್ಲಿ ಎಂದು ಹುಡುಕುವಾಗ ಮಾತ್ರ ಸಾಲು ಸಾಲಾಗಿ ನೋಡಬೇಕು. ಇಲ್ಲಿ ನೆಚ್ಚಬಹುದಾದ ಒಂದು ಸೂತ್ರವಿದೆ. ಒಂದೇ ಹಬ್ಬಿನ ‘ತಲುಪಿದ್ದು’ ಮತ್ತು ‘ಬಿಟ್ಟದ್ದು’ ಒಂದೇ ಗಡಿಯಾರದವು, ಹಾಗಾಗಿ ಕಾದ ಸಮಯವನ್ನು ನೇರವಾಗಿ ಓದಬಹುದು. ಲೈಪ್‌ಜಿಗ್‌ನಲ್ಲಿ ಹತ್ತೊಂಬತ್ತೂವರೆ ಗಂಟೆ ಎಂದು ಪುಟ ಹೇಳಿದರೆ ಅದು ನಿಜವೇ. ಕೆಡುವುದು ಒಂದು ಊರಿನಿಂದ ಇನ್ನೊಂದಕ್ಕೆ ಹೋದ ಹೊತ್ತಿನ ಲೆಕ್ಕ. ನಮ್ಮ ಪಾರ್ಸೆಲ್‌ನ ಮೂರು ಹಾರಾಟಗಳು ಪುಟದಲ್ಲಿ ಒಟ್ಟು ಹನ್ನೆರಡೂವರೆ ಗಂಟೆ ಎಂದು ಕಾಣುತ್ತವೆ. ನಿಜಕ್ಕೂ ಅವು 25 ಗಂಟೆ.

ತಪ್ಪಿಹೋದ ಹದಿಮೂರೂವರೆಯಲ್ಲಿ ಹನ್ನೆರಡೂವರೆ ಗಂಟೆ ಹೀಗೆ ಹಾರಾಟಗಳಲ್ಲಿ ಸಿಕ್ಕಿತು. ಉಳಿದ ಒಂದು ಗಂಟೆ ಸಿನ್ಸಿನಾಟಿಯಲ್ಲಿದೆ. ಆ ವರ್ಷ ನವೆಂಬರ್ 2ರ ಭಾನುವಾರ ಬೆಳಗಿನ ಜಾವ ಎರಡು ಗಂಟೆಗೆ ಅಮೆರಿಕದ ಬಹುಪಾಲು ಊರುಗಳು ಬೇಸಿಗೆ ಸಮಯವನ್ನು ಮುಗಿಸಿ ಗಡಿಯಾರವನ್ನು ಒಂದು ಗಂಟೆ ಹಿಂದಿಟ್ಟವು. ಪಾರ್ಸೆಲ್ ಆಗ ಹಬ್ಬಿನೊಳಗೇ ಇತ್ತು. ಪುಟದ ಪ್ರಕಾರ ಅದು ಕಾದದ್ದು ಹತ್ತೊಂಬತ್ತೂವರೆ ಗಂಟೆ, ವಾಸ್ತವವಾಗಿ ಇಪ್ಪತ್ತೂವರೆ. ಆ ರಾತ್ರಿ ಒಂದರಿಂದ ಎರಡರವರೆಗಿನ ಗಂಟೆ ಎರಡು ಸಲ ಬರುತ್ತದೆ. 1:30ಕ್ಕೆ ಆದ ಸ್ಕ್ಯಾನ್ ಮೊದಲ ಸಲದ್ದೋ ಎರಡನೆಯ ಸಲದ್ದೋ ಎಂದು ಸಮಯವೊಂದರಿಂದಲೇ ಹೇಳಲಾಗದು. ಯುರೋಪು ಅದಕ್ಕಿಂತ ಒಂದು ವಾರ ಮೊದಲೇ, ಅಕ್ಟೋಬರ್ 26ರಂದು, ಗಡಿಯಾರ ಬದಲಿಸಿತ್ತು. ಭಾರತ ಬದಲಿಸುವುದೇ ಇಲ್ಲ. ಆದ್ದರಿಂದ ‘ಅಮೆರಿಕ ಇಷ್ಟು ಗಂಟೆ ಹಿಂದೆ’ ಎಂದು ಬಾಯಿಪಾಠ ಮಾಡಿಕೊಂಡರೆ ಸಾಲದು. ಆ ಊರು, ಆ ದಿನ ಎರಡನ್ನೂ ನೋಡಬೇಕು.

ಪೆಸಿಫಿಕ್ ಸಾಗರದ ಮೇಲಿನ ದಾರಿಯಲ್ಲಿ ಇನ್ನೂ ವಿಚಿತ್ರ ಕಾಣುತ್ತದೆ. ಅದೇ ಶನಿವಾರ ರಾತ್ರಿ ಹತ್ತಕ್ಕೆ ಹಾಂಕಾಂಗ್ ಬಿಟ್ಟ ವಿಮಾನ ಒಂಬತ್ತೂವರೆ ಗಂಟೆ ಹಾರಿ ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದರೆ ಅಲ್ಲಿ ಶನಿವಾರ ಮಧ್ಯಾಹ್ನ ಮೂರೂವರೆ. ಪುಟದ ಪ್ರಕಾರ ಪಾರ್ಸೆಲ್ ಹೊರಡುವ ಮೊದಲೇ ಮುಟ್ಟಿದೆ! ಕಾಣುವ ಸಮಯದ ಮೇಲೆಯೇ ಸಾಲುಗಳನ್ನು ಜೋಡಿಸುವ ತಂತ್ರಾಂಶ ಆಂಕರೇಜನ್ನು ಮೊದಲು, ಹಾಂಕಾಂಗನ್ನು ಆಮೇಲೆ ಇಟ್ಟು, ಪಾರ್ಸೆಲ್ ವಾಪಸ್ ಹೋದಂತೆ ತೋರಿಸಬಹುದು. ಇದಕ್ಕೆ ಪರಿಹಾರ, ಸಮಯದ ಜೊತೆಗೇ ಅದರ ವ್ಯತ್ಯಾಸವನ್ನೂ ದಾಖಲಿಸುವುದು. `2025-10-31T08:30:00+01:00` ಎಂದು ಬರೆದರೆ ಇದು ವಿಶ್ವ ಸಮಯಕ್ಕಿಂತ ಒಂದು ಗಂಟೆ ಮುಂದಿರುವ ಊರಿನದು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಗಡಿಯಾರವನ್ನು ಸರಿಪಡಿಸಿದರೂ ಉತ್ತರ ಅಂದಾಜೇ. ಸ್ಕ್ಯಾನ್ ತೋರಿಸುವುದು ಬಾರ್‌ಕೋಡ್ ಓದಿದ ಕ್ಷಣವನ್ನು, ವಿಮಾನ ಇಳಿದ ಕ್ಷಣವನ್ನಲ್ಲ. ಇಳಿದ ಸರಕು ಬಿಚ್ಚಿ ಬೆಲ್ಟಿಗೆ ಬರುವಷ್ಟರಲ್ಲಿ ಕೆಲವು ಗಂಟೆ ಕಳೆದಿರಬಹುದು, ಆ ಹೊತ್ತು ಹಾರಾಟದ ಲೆಕ್ಕಕ್ಕೆ ಸೇರಿಹೋಗುತ್ತದೆ. ‘ಮಾಹಿತಿ ಬಂದಿದೆ’ ಎಂಬ ಮೊದಲ ಸಾಲು ಬಹಳ ಸಲ ಲೇಬಲ್ ತಯಾರಾದ ಸುದ್ದಿ ಮಾತ್ರ. ಪಾರ್ಸೆಲ್ ಇನ್ನೂ ಮನೆಯ ಮೇಜಿನ ಮೇಲೇ ಇರಬಹುದು. ಎಣಿಕೆಯನ್ನು ಅಲ್ಲಿಂದಲ್ಲ, ಕೈಗೆ ಪಡೆದ ಸ್ಕ್ಯಾನಿನಿಂದ ಶುರುಮಾಡಬೇಕು. ಲೆಕ್ಕ ಸರಿಯಿದೆಯೇ ಎಂದು ನೋಡಲು ದೂರವೇ ಒಳ್ಳೆಯ ಒರೆಗಲ್ಲು. ಬದಲಿಸಿದ ಮೇಲೂ ವಿಮಾನ ಗಂಟೆಗೆ ಸಾವಿರ ಕಿಲೋಮೀಟರ್ ಮೀರಿ ಹಾರಿದಂತೆ ಬಂದರೆ, ಯಾವುದೋ ಸಾಲಿಗೆ ತಪ್ಪು ಗಡಿಯಾರ ಹಚ್ಚಿದ್ದೇವೆ, ಇಲ್ಲವೇ ಆ ಪುಟ ಸಮಯವನ್ನು ಮೊದಲೇ ನೋಡುವವರ ಊರಿಗೆ ಬದಲಿಸಿ ಕೊಟ್ಟಿದೆ.

ಈ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುವುದು ಪಾರ್ಸೆಲ್ ಇನ್ನೂ ದಾರಿಯಲ್ಲಿರುವಾಗ. ಭಾನುವಾರ ರಾತ್ರಿ ಎಂಟಕ್ಕೆ ಬೆಂಗಳೂರಿನ ತಾಯಿ ಪುಟ ತೆರೆದಾಗ ಕೊನೆಯ ಸಾಲು ‘ಸಿನ್ಸಿನಾಟಿ ಬಿಟ್ಟದ್ದು, ಬೆಳಗಿನ ಜಾವ 4:00’ ಎಂದಿದ್ದರೆ, ಹದಿನಾರು ಗಂಟೆಯಿಂದ ಸುದ್ದಿಯೇ ಇಲ್ಲವೆಂದು ಗಾಬರಿಯಾಗುವುದು ಸಹಜ. ಸಿನ್ಸಿನಾಟಿಯ ನಾಲ್ಕು ಗಂಟೆ ಎಂದರೆ ನಮ್ಮಲ್ಲಿ ಮಧ್ಯಾಹ್ನ 2:30. ಆಗಿರುವುದು ಐದೂವರೆ ಗಂಟೆ, ಹಾರಾಟವೇ ಐದು ಗಂಟೆಯದು. ಈಗ ದೂರು ಕೊಡುವ ಅಗತ್ಯವಿಲ್ಲ. ಮರುದಿನ ಬೆಳಿಗ್ಗೆಯೂ ಅದೇ ಸಾಲಿದ್ದರೆ ಕೇಳಲು ಕಾರಣವಿದೆ. ಆಗ ಕೊನೆಯ ಸ್ಕ್ಯಾನಿನ ಊರು, ಅಲ್ಲಿನ ಸಮಯ, ಅದಾಗಿ ನಿಜಕ್ಕೂ ಕಳೆದ ಗಂಟೆಗಳು, ಈ ಮೂರನ್ನೂ ಹೇಳಿ ಕೇಳಿದರೆ ಉತ್ತರಿಸುವವರಿಗೂ ಎಲ್ಲಿಂದ ಹುಡುಕಬೇಕೆಂದು ತಿಳಿಯುತ್ತದೆ.