ಗುರಿ ಬರೆದರೆ ಸಾಲದು, ಅಳೆಯಲು ಬರಬೇಕು

ಬಿಬಿಎ, ಎಂಬಿಎ ವಿದ್ಯಾರ್ಥಿಗಳು ಬರೆಯುವ ಮಾರ್ಕೆಟಿಂಗ್ ಪ್ಲಾನ್‌ನಲ್ಲಿ ಅಂಕ ಕಳೆದುಹೋಗುವುದು ಹಲವು ಸಲ ಮೊದಲ ಪುಟದಲ್ಲೇ. "ಗುಣಮಟ್ಟದ ಉತ್ಪನ್ನ ನೀಡಿ, ಗ್ರಾಹಕರನ್ನು ತೃಪ್ತಿಪಡಿಸಿ, ಮುಂಚೂಣಿ ಸಂಸ್ಥೆಯಾಗುವುದು" ಎಂಬ ಮಿಷನ್ ಹೇಳಿಕೆ ಎಣ್ಣೆ ಗಾಣಕ್ಕೂ ಸಿಮೆಂಟ್ ಕಾರ್ಖಾನೆಗೂ ಒಂದೇ ರೀತಿ ಹೊಂದುತ್ತದೆ. ಯಾರಿಗೂ ಹೊಂದುವ ಹೇಳಿಕೆ ಯಾರದ್ದೂ ಅಲ್ಲ ಎಂದೇ ಪರೀಕ್ಷಕರು ಅಂಕ ಕಡಿಯುತ್ತಾರೆ.

ಥಿಯೊಡೋರ್ ಲೆವಿಟ್ 1960ರಲ್ಲಿ ‘ಮಾರ್ಕೆಟಿಂಗ್ ಮಯೋಪಿಯಾ’ ಲೇಖನದಲ್ಲಿ ಇದರ ಮೂಲವನ್ನೇ ಹಿಡಿದರು. ಅಮೆರಿಕದ ರೈಲು ಕಂಪನಿಗಳು ತಮ್ಮದು ರೈಲಿನ ವ್ಯಾಪಾರ ಅಂದುಕೊಂಡವು. ಜನರಿಗೆ ಬೇಕಿದ್ದದ್ದು ಪ್ರಯಾಣ, ಸಾಗಣೆ. ಹಾಗಾಗಿ ಮಿಷನ್ ಹೇಳಿಕೆ ಸರಕಿನಿಂದಲ್ಲ, ಗ್ರಾಹಕರ ಅಗತ್ಯದಿಂದ ಶುರುವಾಗಬೇಕು.

ತುಮಕೂರಿನಲ್ಲಿ ಒಂದು ಸಣ್ಣ ಶೇಂಗಾ ಎಣ್ಣೆ ಗಾಣವಿದೆ ಎಂದುಕೊಳ್ಳೋಣ. ಅದರ ಮಿಷನ್ ಹೀಗಿರಬಹುದು: "ಕಲಬೆರಕೆಗೆ ಹೆದರುವ ತುಮಕೂರಿನ ಕುಟುಂಬಗಳಿಗೆ, ಅವರು ಬಂದು ನೋಡಬಹುದಾದ ಗಾಣದಲ್ಲಿ ತೆಗೆದ ಎಣ್ಣೆಯನ್ನು ಮನೆಗೆ ತಲುಪಿಸುವುದು." ಯಾರಿಗೆ, ಏನು, ಬೇರೆಯವರಿಗಿಂತ ಹೇಗೆ ಭಿನ್ನ, ಮೂರೂ ಇದರಲ್ಲಿವೆ.

ಇನ್ನು ಗುರಿ. "ಮಾರಾಟ ಹೆಚ್ಚಿಸುವುದು" ಎಂಬುದು ಆಸೆಯಷ್ಟೇ. "ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಹಾಕುವುದು" ಎಂದು ಬರೆಯುವವರೂ ಇದ್ದಾರೆ. ಅದು ಗುರಿ ಮುಟ್ಟುವ ದಾರಿ, ಗುರಿಯಲ್ಲ. ಈ ಗೊಂದಲಕ್ಕೆ ಅಂಕ ಹೋಗುವುದು ಬಹಳ ಸಾಮಾನ್ಯ. ಗುರಿಯಲ್ಲಿ ಇಂದಿನ ಸ್ಥಿತಿ, ಮುಟ್ಟಬೇಕಾದ ಸಂಖ್ಯೆ, ಗಡುವು, ಅಳೆಯುವ ದಾಖಲೆ ಇರಬೇಕು: "ಈಗಿರುವ 120 ಕಾಯಂ ಮನೆಗಳನ್ನು ಆರು ತಿಂಗಳಲ್ಲಿ 180ಕ್ಕೆ ಏರಿಸುವುದು, ಲೆಕ್ಕ ಬಿಲ್ ಪುಸ್ತಕದಿಂದ."

ಬಹಳ ವಿದ್ಯಾರ್ಥಿಗಳು ಇಲ್ಲಿಗೇ ನಿಲ್ಲುತ್ತಾರೆ. 180 ಎಲ್ಲಿಂದ ಬಂತು ಎಂದು ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ಒಂದು ಮನೆಗೆ ತಿಂಗಳಿಗೆ ಮೂರು ಲೀಟರ್ ಅಂದರೆ 540 ಲೀಟರ್ ಬೇಕು. ಗಾಣದ ಶಕ್ತಿ 600 ಲೀಟರ್ ಇದ್ದರೆ ಅದು ಸಾಧ್ಯ. "ಗ್ರಾಹಕರನ್ನು ದುಪ್ಪಟ್ಟು ಮಾಡುವುದು" ಎಂದು ಬರೆದಿದ್ದರೆ 720 ಲೀಟರ್ ಬೇಕಾಗಿ, ಪ್ಲಾನ್ ಅಲ್ಲೇ ಮುರಿಯುತ್ತಿತ್ತು. ಇರುವ ಮನೆಗಳಲ್ಲಿ 20 ಬಿಟ್ಟುಹೋದರೆ ಹೊಸದಾಗಿ ತರಬೇಕಾದವು 60 ಅಲ್ಲ, 80. ಈ ಸೋರಿಕೆಯನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ.

ಸ್ಯಾಂಪಲ್ ಪಡೆದ ಹತ್ತು ಮನೆಗಳಲ್ಲಿ ಒಂದು ಕಾಯಂ ಆಗುತ್ತದೆ ಎಂದು ಅಂದಾಜಿಸಿದರೆ 800 ಸ್ಯಾಂಪಲ್ ಬೇಕು. ಒಂದಕ್ಕೆ ₹25 ತಗುಲಿದರೆ ₹20,000. ಈ ಮೊತ್ತ ಬಜೆಟ್ ಪುಟದಲ್ಲೂ ಕಾಣಿಸಬೇಕು. ಗುರಿಯ ಪುಟ ಒಂದು ಹೇಳಿ, ಬಜೆಟ್ ಇನ್ನೊಂದು ಹೇಳಿದರೆ ಇಡೀ ಪ್ಲಾನ್ ಮೇಲಿನ ನಂಬಿಕೆ ಹೋಗುತ್ತದೆ. ಹತ್ತಕ್ಕೆ ಒಂದು ಎಂಬುದು ನಿಮ್ಮ ಊಹೆಯಾಗಿದ್ದರೆ ಹಾಗೆಂದೇ ಬರೆಯಿರಿ. ಆಧಾರವಿಲ್ಲದ ಅಂಕಿಯನ್ನು ಸತ್ಯವೆಂಬಂತೆ ಇಟ್ಟರೆ, ಮೌಖಿಕ ಪರೀಕ್ಷೆಯ ಮೊದಲ ಪ್ರಶ್ನೆ ಅದರ ಮೇಲೆಯೇ ಬರುತ್ತದೆ.