ಗಾಳಿಯ ವೇಗ ಗೊತ್ತು, ಶಕ್ತಿಯ ಲೆಕ್ಕ ಹೇಗೆ?

ಚಿತ್ರದುರ್ಗದ ಜೋಗಿಮಟ್ಟಿಯಲ್ಲೋ ಗದಗದ ಕಪ್ಪತಗುಡ್ಡದಲ್ಲೋ ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರೆ ಸಾಕು, ಗಾಳಿ ಒಂದೇ ಸಮ ಬೀಸುವುದಿಲ್ಲ ಎಂಬುದು ಕಣ್ಣಿಗೇ ಕಾಣುತ್ತದೆ. ಒಂದು ಗಂಟೆ ಸೆಕೆಂಡಿಗೆ 3 ಮೀಟರ್, ಇನ್ನೊಂದು ಗಂಟೆ 8, ಮತ್ತೊಂದು ಗಂಟೆ 5.27. ಹೀಗೆ ಮುಂಚಿತವಾಗಿ ಹೇಳಲಾಗದ, ಎರಡು ಬೆಲೆಗಳ ನಡುವೆ ಎಲ್ಲಿ ಬೇಕಾದರೂ ನಿಲ್ಲಬಲ್ಲ ಪರಿಮಾಣಕ್ಕೆ ಗಣಿತದಲ್ಲಿ ನಿರಂತರ ಯಾದೃಚ್ಛಿಕ ಚರ ಎಂದು ಹೆಸರು. ಆದರೆ ವಿದ್ಯುತ್ ಮಾರುವವರಿಗೆ ಬೇಕಾಗಿರುವುದು ವೇಗವಲ್ಲ, ಶಕ್ತಿ. ಗಾಳಿಗೆ ಎದುರಾಗಿ ಹಿಡಿದ ಒಂದು ಚದರ ಮೀಟರ್ ಚೌಕಟ್ಟಿನ ಮೂಲಕ ಹಾಯುವ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ಒಂದು ಘನ ಮೀಟರ್ ಗಾಳಿ 1.2 ಕಿಲೋ ತೂಗುತ್ತದೆ ಎಂದು ಹಿಡಿದರೆ ಸೂತ್ರ ಹೀಗೆ: w = 0.6 v³. ಇಲ್ಲಿ v ಸೆಕೆಂಡಿಗೆ ಎಷ್ಟು ಮೀಟರ್ ಎಂಬ ವೇಗ, w ವ್ಯಾಟ್‌ಗಳಲ್ಲಿ ಶಕ್ತಿ.

ವೇಗ ಹೇಗೆ ಹಂಚಿಕೆಯಾಗಿದೆ ಎಂಬುದು ಗೊತ್ತಿದ್ದರೆ ಶಕ್ತಿಯ ಹಂಚಿಕೆ ಏನು? ಚರಬದಲಾವಣೆಯ ವಿಧಾನ ಉತ್ತರಿಸುವುದು ಈ ಪ್ರಶ್ನೆಗೆ.

ಲೆಕ್ಕಕ್ಕಾಗಿ ಒಂದು ಗುಡ್ಡವನ್ನು ಕಲ್ಪಿಸಿಕೊಳ್ಳೋಣ. ಅಲ್ಲಿನ ಸರಾಸರಿ ವೇಗ ಸೆಕೆಂಡಿಗೆ 6 ಮೀಟರ್. ವೇಗದ ಹಂಚಿಕೆ ರೇಲಿ ವಿತರಣೆಯಂತಿದೆ ಎನ್ನೋಣ. ಲಾರ್ಡ್ ರೇಲಿ 1880ರಲ್ಲಿ ಅನೇಕ ಧ್ವನಿ ಕಂಪನಗಳು ಸೇರಿದಾಗ ಏನಾಗುತ್ತದೆಂದು ಲೆಕ್ಕ ಹಾಕುವಾಗ ಸಿಕ್ಕ ಈ ಆಕಾರ ಗಾಳಿಯ ವೇಗಕ್ಕೂ ಬಹಳ ಕಡೆ ಹೊಂದುತ್ತದೆ. ಸೊನ್ನೆಯಿಂದ ಏರಿ, 4.8ರ ಸುಮಾರಿಗೆ ಶಿಖರ ಮುಟ್ಟಿ, ಬಲಕ್ಕೆ ಉದ್ದನೆಯ ಬಾಲ ಬಿಟ್ಟು ಇಳಿಯುವ ರೇಖೆ ಅದು.

ವೇಗ ಕರಾರುವಾಕ್ಕಾಗಿ 6 ಆಗಿರುವ ಸಂಭವ ಎಷ್ಟೆಂದು ಕೇಳಿ ಪ್ರಯೋಜನವಿಲ್ಲ, ಅದು ಸೊನ್ನೆ. 5.9ರಿಂದ 6.1ರ ನಡುವೆ ಎಷ್ಟು ಹೊತ್ತು ಇರುತ್ತದೆ ಎಂದು ಕೇಳಬೇಕು. ನಮ್ಮ ಗುಡ್ಡದಲ್ಲಿ ಸಾವಿರ ಗಂಟೆಗಳಲ್ಲಿ ಸುಮಾರು 24 ಗಂಟೆ. ಅಷ್ಟೇ ಅಗಲದ ಇನ್ನೊಂದು ಪಟ್ಟಿ, 2.9ರಿಂದ 3.1. ಅಲ್ಲಿ ಸುಮಾರು 21.5 ಗಂಟೆ. ಎರಡರಲ್ಲಿ ದೊಡ್ಡ ವ್ಯತ್ಯಾಸವೇನಿಲ್ಲ.

ಈಗ ಈ ಎರಡು ಪಟ್ಟಿಗಳನ್ನು ವ್ಯಾಟ್‌ಗಳ ಅಳತೆಗೆ ಸಾಗಿಸೋಣ. 5.9 ಮತ್ತು 6.1ನ್ನು ಸೂತ್ರಕ್ಕೆ ಹಾಕಿದರೆ 123 ಮತ್ತು 136 ವ್ಯಾಟ್ ಬರುತ್ತದೆ. ಆ 24 ಗಂಟೆಗಳೂ 13 ವ್ಯಾಟ್ ಅಗಲದ ಜಾಗದಲ್ಲಿ ಹರಡಿಕೊಂಡವು. 2.9 ಮತ್ತು 3.1 ಕೊಡುವುದು 14.6 ಮತ್ತು 17.9 ವ್ಯಾಟ್. ಇಲ್ಲಿ 21.5 ಗಂಟೆಗಳಿಗೆ ಸಿಕ್ಕ ಜಾಗ ಬರೀ 3.2 ವ್ಯಾಟ್. ಅಂಗಳದಲ್ಲಿ ಒಣಹಾಕಿದ ಜೋಳವನ್ನು ಇನ್ನಷ್ಟು ಅಗಲಕ್ಕೆ ಎಳೆದರೆ ಕಾಳು ಕಡಿಮೆಯಾಗುವುದಿಲ್ಲ, ಪದರ ತೆಳುವಾಗುತ್ತದೆ. ಇಲ್ಲಿ ಆದದ್ದೂ ಅದೇ. 6ರ ಬಳಿ ಪ್ರತಿ ವ್ಯಾಟ್‌ಗೆ 1.8 ಗಂಟೆ ಬಿದ್ದರೆ, 3ರ ಬಳಿ ಪ್ರತಿ ವ್ಯಾಟ್‌ಗೆ 6.6 ಗಂಟೆ. ಹೆಚ್ಚುಕಡಿಮೆ ಸಮನಾಗಿದ್ದವು ಈಗ ಮೂರೂವರೆ ಪಟ್ಟು ಬೇರೆಯಾದವು.

ವಿಧಾನದ ತಿರುಳು ಇಷ್ಟೇ: ಗಂಟೆಗಳು ಉಳಿಯುತ್ತವೆ, ಅಗಲ ಬದಲಾಗುತ್ತದೆ. ಪಟ್ಟಿಯನ್ನು ಕೂದಲೆಳೆಯಷ್ಟು ಸಣ್ಣದು ಮಾಡುತ್ತ ಹೋದರೆ ಈ ಮಾತು ಸೂತ್ರವಾಗುತ್ತದೆ:

g(w) = f(v) · |dv/dw|

f ವೇಗದ ಸಾಂದ್ರತೆ, g ಶಕ್ತಿಯ ಸಾಂದ್ರತೆ. ಕೊನೆಯ ಭಾಗ, ಶಕ್ತಿ ಒಂದು ವ್ಯಾಟ್ ಬದಲಾಗಲು ವೇಗ ಎಷ್ಟು ಬದಲಾಗಬೇಕು ಎಂಬ ದರ. ಕ್ಯಾಲ್ಕುಲಸ್ ಕಲಿತವರು ಡೆರಿವೇಟಿವ್ ಎನ್ನುವುದು ಇದನ್ನೇ. ನಮ್ಮ ಗುಡ್ಡಕ್ಕೆ ಅದು 1/(1.8 v²). ಎರಡು ಕಡೆಯ ಗೆರೆಗಳು ದರವು ಋಣವಾಗಿದ್ದರೆ ಅದರ ಚಿಹ್ನೆಯನ್ನು ಬಿಡಬೇಕೆಂದು ಹೇಳುತ್ತವೆ. ಅಗಲ ಎಂದೂ ಋಣವಾಗಲಾರದು.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. v ಇದ್ದ ಕಡೆ (w/0.6)^(1/3) ಎಂದು ಬರೆದು, ಕೆಲಸ ಮುಗಿಯಿತೆಂದು ದರವನ್ನು ಬಿಟ್ಟುಬಿಡುತ್ತಾರೆ. ತಪ್ಪು ಹಿಡಿಯುವುದು ಸುಲಭ. ರೇಖೆಯ ಕೆಳಗಿನ ಒಟ್ಟು ವಿಸ್ತೀರ್ಣ 1 ಬರಬೇಕು, ಅಂದರೆ ನಮ್ಮ ಸಾವಿರ ಗಂಟೆ ಸಾವಿರವಾಗಿಯೇ ಉಳಿಯಬೇಕು. ದರ ಬಿಟ್ಟರೆ ಇಲ್ಲಿ ಒಟ್ಟು 82 ಸಾವಿರ ಗಂಟೆ ದಾಟುತ್ತದೆ. ಎಲ್ಲಿಂದಲೋ ಗಂಟೆಗಳು ಹುಟ್ಟಿಕೊಂಡಿವೆ.

ಸರಿಯಾಗಿ ಮಾಡಿದಾಗ ಬರುವ ರೇಖೆ ಮೊದಲಿನದರಂತೆ ಕಾಣುವುದೇ ಇಲ್ಲ. ವೇಗದ ಶಿಖರ 4.8ರಲ್ಲಿತ್ತು. ಅದನ್ನು ಘನಕ್ಕೇರಿಸಿ 0.6ರಿಂದ ಗುಣಿಸಿದರೆ ಸುಮಾರು 66 ವ್ಯಾಟ್, ಆದರೆ ಅಲ್ಲಿ ಶಿಖರವಿಲ್ಲ. ಸಾಂದ್ರತೆ ಸೊನ್ನೆಯ ಹತ್ತಿರ ಹೋದಷ್ಟೂ ಏರುತ್ತಲೇ ಹೋಗುತ್ತದೆ, ಆದರೂ ಒಟ್ಟು ವಿಸ್ತೀರ್ಣ 1ನ್ನು ಮೀರುವುದಿಲ್ಲ. ಶಿಖರಕ್ಕಿಂತ ಮಧ್ಯಾಂಕ ನಿಷ್ಠಾವಂತ. ಅರ್ಧ ಹೊತ್ತು ವೇಗ 5.64ಕ್ಕಿಂತ ಕಡಿಮೆ ಇದ್ದರೆ, ಅದೇ ಅರ್ಧ ಹೊತ್ತು ಶಕ್ತಿಯೂ 107 ವ್ಯಾಟ್‌ಗಿಂತ ಕಡಿಮೆ ಇರುತ್ತದೆ. ಸರಾಸರಿಗೆ ಈ ಗುಣವಿಲ್ಲ. ಸರಾಸರಿ ವೇಗ 6ನ್ನು ನೇರವಾಗಿ ಸೂತ್ರಕ್ಕೆ ಹಾಕಿದರೆ ಸುಮಾರು 130 ವ್ಯಾಟ್. ಹಂಚಿಕೆಯಿಂದ ಲೆಕ್ಕ ಹಾಕಿದ ನಿಜವಾದ ಸರಾಸರಿ ಸುಮಾರು 247 ವ್ಯಾಟ್. ಬಲಗಡೆಯ ಉದ್ದ ಬಾಲದಲ್ಲಿರುವ ಬಿರುಗಾಳಿಯ ಕೆಲವೇ ಗಂಟೆಗಳು ಘನದ ಬಲದಿಂದ ಅಷ್ಟು ತೂಗುತ್ತವೆ.

ಈ ಸೂತ್ರ ಕಣ್ಣುಮುಚ್ಚಿ ಬಳಸುವಂಥದ್ದಲ್ಲ. ಘನದಲ್ಲಿ ಒಂದು ಶಕ್ತಿಗೆ ಒಂದೇ ವೇಗ ಹೊಂದುತ್ತದೆ. ಎಲ್ಲ ಕಡೆ ಹಾಗಿರುವುದಿಲ್ಲ. ಗಾಳಿಯ ಪೂರ್ವ-ಪಶ್ಚಿಮ ಭಾಗವನ್ನಷ್ಟೇ ಅಳೆದು, ಪೂರ್ವಕ್ಕೆ ಧನ, ಪಶ್ಚಿಮಕ್ಕೆ ಋಣ ಎಂದು ಗುರುತಿಸಿ, ಅದರ ವರ್ಗ ತೆಗೆದುಕೊಂಡರೆ 9 ಎಂಬುದು +3ರಿಂದಲೂ ಬರುತ್ತದೆ, −3ರಿಂದಲೂ ಬರುತ್ತದೆ. ಆಗ ಎರಡು ಕಡೆಯ ಪಾಲನ್ನೂ ಬೇರೆಬೇರೆ ಲೆಕ್ಕ ಹಾಕಿ ಕೂಡಿಸಬೇಕು. ಒಂದನ್ನು ಮರೆತರೆ, ಎರಡು ದಿಕ್ಕಿಗೂ ಗಾಳಿ ಸಮನಾಗಿ ಬೀಸುವಲ್ಲಿ ಅರ್ಧ ಗಂಟೆಗಳು ಮಾಯವಾಗುತ್ತವೆ.

ಎರಡನೆಯ ಮಿತಿ ಇನ್ನೂ ಕುತೂಹಲದ್ದು. ಗಾಳಿಯಲ್ಲಿರುವ ಶಕ್ತಿಯನ್ನು ಬಿಟ್ಟು ಯಂತ್ರ ಹೊರಗೆ ಕೊಡುವ ವಿದ್ಯುತ್ತಿಗೆ ಬಂದರೆ ಚಿತ್ರ ಬದಲಾಗುತ್ತದೆ. ವೇಗ 3ಕ್ಕಿಂತ ಕಡಿಮೆ ಇದ್ದಾಗ ಏನೂ ಕೊಡದ, 12 ದಾಟಿದ ಮೇಲೆ ತನ್ನ ಪೂರ್ಣ ಸಾಮರ್ಥ್ಯದಲ್ಲೇ ನಿಲ್ಲುವ ಯಂತ್ರ ಎಂದುಕೊಳ್ಳಿ. ಗಾಳಿ 13 ಆಗಲಿ 15 ಆಗಲಿ, ಹೊರಬರುವುದು ಅಷ್ಟೇ. ಆ ಸಮತಟ್ಟು ಭಾಗದಲ್ಲಿ ವೇಗ ಬದಲಾದರೂ ವಿದ್ಯುತ್ ಬದಲಾಗುವುದಿಲ್ಲ. ಅಂದರೆ ಸೂತ್ರದಲ್ಲಿ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಅಲ್ಲಿ ಸಾಂದ್ರತೆಯೇ ಇಲ್ಲ, ಗಂಟೆಗಳು ಒಂದೇ ಬಿಂದುವಿನ ಮೇಲೆ ಗುಡ್ಡೆಯಾಗುತ್ತವೆ. ಆಗ ಸೂತ್ರ ಪಕ್ಕಕ್ಕಿಟ್ಟು, ‘ಇಷ್ಟು ವ್ಯಾಟ್ ಅಥವಾ ಅದಕ್ಕಿಂತ ಕಡಿಮೆ ಬರುವ ಗಂಟೆಗಳು ಎಷ್ಟು’ ಎಂದು ನೇರವಾಗಿ ಎಣಿಸುವ ಸಂಚಿತ ವಿತರಣೆಗೆ ಮರಳಬೇಕು. ನಮ್ಮ ಗುಡ್ಡದಲ್ಲಿ ಸಾವಿರಕ್ಕೆ ಸುಮಾರು 178 ಗಂಟೆ ಸೊನ್ನೆಯ ಮೇಲೆ, 43 ಗಂಟೆ ಪೂರ್ಣ ಸಾಮರ್ಥ್ಯದ ಮೇಲೆ ಬಂದು ಕೂರುತ್ತವೆ. ನಡುವೆ ಉಳಿದ 779 ಗಂಟೆಗಳಿಗೆ ಮಾತ್ರ ಚರಬದಲಾವಣೆಯ ಸೂತ್ರ ಅನ್ವಯಿಸುತ್ತದೆ, ಅದೂ ಘನದ ಬದಲು ಆ ಯಂತ್ರದ ಸ್ವಂತ ವೇಗ-ವಿದ್ಯುತ್ ರೇಖೆಯನ್ನು ಹಾಕಿಕೊಂಡು.

ಆದ್ದರಿಂದ ಯಾವುದಾದರೂ ಊರಿನ ಗಾಳಿಯ ಬಗ್ಗೆ ಸರಾಸರಿ ವೇಗವೊಂದನ್ನೇ ಕೊಟ್ಟು ವಿದ್ಯುತ್ತಿನ ಅಂದಾಜು ಹೇಳಿದರೆ ಒಪ್ಪಬೇಡಿ. ವೇಗದ ಹಂಚಿಕೆ ಎಲ್ಲಿ ಎಂದು ಕೇಳಿ.